ಪದ ಪರಿಚಯ: ನೋಡ್
ಲ್ಯಾಟಿನ್‌ನ ‘ನೋಡಸ್’ ಎಂದರೆ ಗಂಟು. ಡೀಪ್ ಬೀಮಿನ ಲೆಕ್ಕದಲ್ಲಿ ಒತ್ತಡ ಹೊರುವ ಸ್ಟ್ರಟ್, ಎಳೆತ ಹೊರುವ ಟೈ ಕಂಬಿ, ಹೊರಗಿನ ಭಾರ ಅಥವಾ ಆಧಾರದ ಬಲ ಇವುಗಳಲ್ಲಿ ಕೆಲವು ಕೂಡುವ ಜಾಗ ನೋಡ್. ಮಕ್ತಲ್‌ನಲ್ಲಿ ಅಂಗಡಿಯೊಂದರ ಮೇಲೆ ಕಂಬ ಹೊರುವ ಬೀಮ್ ಇದೆಯೆಂದುಕೊಳ್ಳಿ: ಆಧಾರಗಳ ನಡುವೆ 3 ಮೀಟರ್, ಎತ್ತರ 1.8 ಮೀಟರ್, ಮಧ್ಯದಲ್ಲಿ 1000 ಕಿಲೋನ್ಯೂಟನ್ ವಿನ್ಯಾಸ ಭಾರ. ಕೆಳಗಿನ ನೋಡ್‌ಗಳು ಆಧಾರಗಳ ಮೇಲೆ, ಕಂಬಿಯ ಮಟ್ಟದಲ್ಲಿ. ಮೇಲಿನದು ಕಂಬದ ಬುಡದಲ್ಲಿ. ಇವುಗಳ ನಡುವಿನ ಎತ್ತರ 1.5 ಮೀಟರ್ ಹಿಡಿದರೆ ಸ್ಟ್ರಟ್ 45 ಡಿಗ್ರಿ, ಟೈ ಎಳೆತ 500 ಕಿಲೋನ್ಯೂಟನ್. ಫೆ500 ಉಕ್ಕು ಸುಮಾರು 1150 ಚದರ ಮಿ.ಮೀ. ಬೇಕು, 20 ಮಿ.ಮೀ. ಕಂಬಿ ನಾಲ್ಕು ಸಾಕು. ತಪ್ಪುವುದು ತುದಿಯಲ್ಲಿ. ಎಳೆತ ನೋಡ್‌ನಿಂದ ನೋಡ್‌ವರೆಗೆ ಕಡಿಮೆಯಾಗುವುದಿಲ್ಲ, ಹಾಗಾಗಿ ಕಂಬಿಯನ್ನು ನಡುವೆ ನಿಲ್ಲಿಸುವಂತಿಲ್ಲ. ಎಂ25 ಕಾಂಕ್ರೀಟಿನಲ್ಲಿ ನೇರ ಕಂಬಿಗೆ ಸುಮಾರು 970 ಮಿ.ಮೀ. ಹಿಡಿತ ಬೇಕು; 300 ಮಿ.ಮೀ. ಆಧಾರದಲ್ಲಿ ಅದು ಸಿಗದು, ಸಾಮಾನ್ಯವಾಗಿ ಕಂಬಿಯನ್ನು ಬಾಗಿಸಿ ಮೇಲಕ್ಕೆ ಒಯ್ಯಬೇಕಾಗುತ್ತದೆ.