ಎರಡೂ ಕಡೆ ಒಂದೊಂದು ಪರ್ಸೆಂಟ್: ಕಾಟನ್‌ಪೇಟೆಯ ಬ್ರೋಕರ್ ಯಾರ ಪರ?

ಕಾಟನ್‌ಪೇಟೆಯ ಗಲ್ಲಿಯೊಂದರಲ್ಲಿ ಹಳೇ ಮನೆ ಮಾರಾಟಕ್ಕಿದೆ ಅನ್ನೋಣ. ಓನರ್ ಹೇಳೋದು 1.30 ಕೋಟಿ, ಕೊಳ್ಳುವವರು ಹೇಳೋದು 1.10 ಕೋಟಿ. ಬ್ರೋಕರ್ ಇಬ್ಬರ ಹತ್ತಿರವೂ ಒಂದೊಂದು ಪರ್ಸೆಂಟ್ ಮಾತಾಡಿಕೊಂಡಿದ್ದಾನೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕೇಳುವ ರೇಟು ಇದು; ಕೆಲವರು ಎರಡು ಕೇಳ್ತಾರೆ.

ಈಗ ಲೆಕ್ಕ ನೋಡಿ. 1.10 ಕೋಟಿಗೆ ಮುಗಿದರೆ ಎರಡೂ ಕಡೆ ಸೇರಿ ಅವನಿಗೆ 2.20 ಲಕ್ಷ, 1.30 ಕೋಟಿಗೆ ಮುಗಿದರೆ 2.60 ಲಕ್ಷ. ನಿಮ್ಮಿಬ್ಬರ ನಡುವಿನ 20 ಲಕ್ಷದ ಜಗ್ಗಾಟದಲ್ಲಿ ಅವನ ಪಾಲಿನ ವ್ಯತ್ಯಾಸ ಬರೀ 40 ಸಾವಿರ. ವ್ಯವಹಾರ ಮುರಿದರೆ ಮಾತ್ರ ಪೂರ್ತಿ ಸೊನ್ನೆ. ಹಾಗಾಗಿ ಅವನು ಓನರ್ ಪರವೂ ಅಲ್ಲ, ಕೊಳ್ಳುವವರ ಪರವೂ ಅಲ್ಲ, ಬೇಗ ಮುಗಿಯುವುದರ ಪರ. "ಇನ್ನೊಂದು ಪಾರ್ಟಿ ನಾಳೆ ಅಡ್ವಾನ್ಸ್ ಕೊಡ್ತಾರೆ ಸಾರ್" ಅನ್ನುವ ಮಾತು ಹುಟ್ಟುವುದು ಇಲ್ಲಿಂದ. ಇದನ್ನು ಮೋಸ ಅನ್ನಲು ನಾನು ತಯಾರಿಲ್ಲ. ಹಳೇ ಪೇಟೆಯಲ್ಲಿ ಅಣ್ಣತಮ್ಮಂದಿರ ಪಾಲು, ಬಾಡಿಗೆದಾರರ ತಕರಾರು ಎಲ್ಲ ಬಿಡಿಸಿ ಕೂರಿಸುವುದು ನಿಜವಾದ ಕೆಲಸವೇ. ಆದರೆ ಬೆಲೆಯ ಬಗ್ಗೆ ಅವನ ಸಲಹೆಯನ್ನು ಸಲಹೆ ಅಂತ ತಗೋಬೇಡಿ.

ಮೋಸ ಶುರುವಾಗೋದು "ನೆಟ್ ರೇಟ್"ನಲ್ಲಿ. ಓನರ್ "ನನ್ನ ಕೈಗೆ 1.15 ಬರಲಿ, ಮೇಲಿನದ್ದು ನಿನ್ನದು" ಅಂದಿರುತ್ತಾರೆ. ಕೊಳ್ಳುವವರಿಗೆ ಇದು ಗೊತ್ತಿಲ್ಲ, ಅವರು 1.25ಕ್ಕೆ ಒಪ್ಪಿ, ಅದರ ಮೇಲೆ 1.25 ಲಕ್ಷ ಕಮಿಷನ್ನೂ ಕೊಡ್ತಾರೆ. ಟೋಕನ್ ಕೊಡುವ ತನಕ ಓನರ್ ಜೊತೆ ಮುಖಾಮುಖಿ ಕೂರಿಸದೆ ದಿನ ತಳ್ಳುತ್ತಿದ್ದರೆ ಅನುಮಾನ ಪಡಿ. ಎದುರು ಕೂತು "ನಿಮಗೆ ಎಷ್ಟು ಬರ್ತಿದೆ?" ಅಂತ ಓನರನ್ನೇ ಕೇಳೋದು ಸುಲಭದ ಪರೀಕ್ಷೆ.

ರೇರಾ ಕಾಪಾಡುತ್ತೆ ಅಂದ್ಕೊಂಡವರಿಗೆ ಒಂದು ಮಾತು. 2016ರ ಆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಏಜೆಂಟ್ ನೋಂದಣಿ ಮಾಡಿಸಬೇಕಾದದ್ದು ನೋಂದಾಯಿತ ಪ್ರಾಜೆಕ್ಟ್‌ನಲ್ಲಿ ಬಿಲ್ಡರ್ ಮಾರುವ ಸೈಟು, ಫ್ಲಾಟುಗಳಿಗೆ. ಕಾಟನ್‌ಪೇಟೆಯ ಹಳೇ ಮನೆಯ ಮರುಮಾರಾಟ ಅದರೊಳಗೆ ಬರೋದಿಲ್ಲ. ಕಮಿಷನ್ ಇಷ್ಟೇ ಇರಬೇಕು ಅಂತಲೂ ಆ ಕಾಯ್ದೆ ಹೇಳೋದಿಲ್ಲ.

ಉಳಿಯೋದು 1872ರ ಕರಾರು ಕಾಯ್ದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಮುಗಿಯುವ ತನಕ ಏಜೆಂಟನಿಗೆ ಸಂಭಾವನೆ ಸಲ್ಲುವುದಿಲ್ಲ ಅನ್ನುತ್ತೆ ಅದರ 219ನೇ ಸೆಕ್ಷನ್. ಜಗಳ ಬರೋದು "ಕೆಲಸ ಮುಗಿಯೋದು" ಅಂದರೇನು ಅನ್ನೋದರಲ್ಲಿ: ಪಾರ್ಟಿ ತೋರಿಸಿದರೆ ಸಾಕೋ, ಅಗ್ರಿಮೆಂಟ್ ಆಗಬೇಕೋ, ರಿಜಿಸ್ಟ್ರೇಷನ್ನೇ ಆಗಬೇಕೋ? ಇದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆಸಿ: ಎಷ್ಟು ಪರ್ಸೆಂಟ್, ಯಾವ ಬೆಲೆಯ ಮೇಲೆ, ಯಾವಾಗ, ಎದುರು ಪಾರ್ಟಿಯಿಂದ ಎಷ್ಟು ತಗೊಳ್ತಿದ್ದಾನೆ, ಜೊತೆಗಿರುವ ಇತರ ಬ್ರೋಕರ್‌ಗಳ ಪಾಲು ಇದರಲ್ಲೇ ಸೇರಿದೆಯೋ ಇಲ್ಲವೋ. 18% ಜಿಎಸ್‌ಟಿ ಕೇಳಿದರೆ ನೋಂದಣಿ ನಂಬರ್ ಇರುವ ಬಿಲ್ ಕೇಳಿ; ನೋಂದಣಿ ಇಲ್ಲದವನು ಅದನ್ನು ವಸೂಲಿ ಮಾಡುವಂತಿಲ್ಲ. ಮಾರುವವರಂತೂ ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಆ ಬ್ರೋಕರೇಜನ್ನು ಮಾರಾಟದ ಖರ್ಚು ಅಂತ ಕಳೆಯಬಹುದು. ಕೈಯಲ್ಲಿ ಕ್ಯಾಶ್ ಕೊಟ್ಟು ಚೀಟಿಯೂ ಇಲ್ಲ ಅಂದರೆ ಅದನ್ನು ತೋರಿಸೋದು ಕಷ್ಟ.