‘ಈಸ್’ ಎಂಬ ಪದದ ಜಾಗ ಯಾವುದು?

‘ಕುಡ್ ಯೂ ಟೆಲ್ ಮಿ ವಾಟ್ ಈಸ್ ದ ಸ್ಟೇಟಸ್?’ ನಮ್ಮ ಕಚೇರಿಗಳ ಇಂಗ್ಲಿಷ್ ಪತ್ರಗಳಲ್ಲಿ ಈ ವಾಕ್ಯ ಮಾಮೂಲು. ಅರ್ಥವಾಗಲು ಏನೂ ತೊಡಕಿಲ್ಲ. ಆದರೂ ಇಂಗ್ಲಿಷ್ ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಈಸ್’ ಅನ್ನು ಎತ್ತಿ ಕೊನೆಗೆ ಹಾಕುತ್ತಾರೆ: ‘ವಾಟ್ ದ ಸ್ಟೇಟಸ್ ಈಸ್’. ಏಕೆ ಎಂದು ಕೇಳಿದರೆ ‘ಅದು ರೂಲು’ ಎಂಬ ಉತ್ತರ. ಆ ರೂಲಿಗೂ ಒಂದು ಚರಿತ್ರೆಯಿದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನೇರವಾಗಿ ಪ್ರಶ್ನಿಸುವಾಗ ಯಾವ ಕ್ರಿಯಾಪದವಾದರೂ ಕರ್ತೃವನ್ನು ದಾಟಿ ಮುಂದೆ ಬರುತ್ತಿತ್ತು. ಇಂದಿನ ಪದಗಳಲ್ಲಿ ಹೇಳುವುದಾದರೆ ‘ವೇರ್ ಲಿವ್ಸ್ ಹಿ?’ ಎಂದಂತೆ. ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಸೇರಿದಾಗ ಕ್ರಿಯಾಪದ ಹಿಂದೆಯೇ ಉಳಿಯುತ್ತಿತ್ತು. ಇಂಗ್ಲಿಷಿನ ದಾಯಾದಿ ಜರ್ಮನ್ ಇಂದಿಗೂ ಹಾಗೆಯೇ ನಡೆಯುತ್ತದೆ. ‘ಅವನ ವಾಸವೆಲ್ಲಿ?’ ಎಂದು ನೇರವಾಗಿ ಕೇಳಿದರೆ ‘ವೋ ವೋನ್ಟ್ ಎರ್’. ‘ನನಗೆ ಗೊತ್ತಿಲ್ಲ’ ಎಂಬುದರ ಜತೆ ಸೇರಿದರೆ ‘ವೋ ಎರ್ ವೋನ್ಟ್’.

16ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನ ನೇರ ಪ್ರಶ್ನೆಗಳಲ್ಲಿ ‘ಡು’, ‘ಡಸ್’ ಹಬ್ಬಿದವು. ‘ವೇರ್ ಡಸ್ ಹಿ ಲಿವ್?’ ಎಂಬ ರೂಪ ಬಳಕೆಗೆ ಬಂತು. ‘ಈಸ್’, ‘ಕ್ಯಾನ್’ ಮುಂತಾದವು ಮಾತ್ರ ಹಳೆಯ ಚಾಳಿ ಬಿಡದೆ ಇಂದಿಗೂ ತಾವೇ ಮುಂದೆ ಬರುತ್ತವೆ. ಒಳಗೆ ಸೇರಿದ ಪ್ರಶ್ನೆಗೆ ಈ ಬದಲಾವಣೆ ತಟ್ಟಲೇ ಇಲ್ಲ.

ಕನ್ನಡಿಗರು ಎಡವುವುದಕ್ಕೆ ಕಾರಣ ಅಜ್ಞಾನವೆನ್ನುವುದು ಸರಿಯಲ್ಲ. ‘ಅವರು ಎಲ್ಲಿದ್ದಾರೆ?’ ಎಂಬ ಪ್ರಶ್ನೆಗೆ ‘ಅಂತ ಹೇಳ್ತೀರಾ?’ ಸೇರಿಸಿದರೆ ನಮ್ಮಲ್ಲಿ ಕೆಲಸ ಮುಗಿಯಿತು. ಒಳಗಿನ ಒಂದು ಪದವೂ ಕದಲುವುದಿಲ್ಲ. ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ಪ್ರಶ್ನೆಯನ್ನೂ ಇಡಿಯಾಗಿ ಎತ್ತಿ ಒಳಗಿಡುತ್ತೇವೆ.

ತಪ್ಪು ಪತ್ತೆಗೆ ಸುಲಭ ದಾರಿಯಿದೆ. ‘ಈಸ್’ ಇದ್ದಾಗ ಕಿವಿಗೆ ಲೋಪ ತಿಳಿಯದು. ‘ಡಸ್’ ಇರುವ ಪ್ರಶ್ನೆಯನ್ನು ಅಲ್ಲಿಟ್ಟು ನೋಡಿ. ‘ಟೆಲ್ ಮಿ ವೇರ್ ಡಸ್ ಹಿ ಲಿವ್’ ಎಂದಾಗ ಏನೋ ತೊಡರಿದಂತಾಗಿ, ‘ವೇರ್ ಹಿ ಲಿವ್ಸ್’ ಎಂದು ನಾಲಿಗೆ ತಾನೇ ತಿದ್ದಿಕೊಳ್ಳುತ್ತದೆ. ‘ಸ್ಟೇಟಸ್’ ವಾಕ್ಯಕ್ಕೂ ಅದೇ ನ್ಯಾಯ. ಕೊನೆಯ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಉಳಿಯಬೇಕು. ಅದು ಹೊರಗಿನ ‘ಕುಡ್ ಯೂ’ಗೆ ಸೇರಿದ್ದು. ‘ಪ್ಲೀಸ್ ಟೆಲ್ ಮಿ’ ಎಂದು ಆರಂಭಿಸಿದ್ದರೆ ಪೂರ್ಣವಿರಾಮ ಸಾಕು.

ಹಾಗೆಂದು ಎಲ್ಲ ‘ಈಸ್’ಗಳನ್ನೂ ಕೊನೆಗೆ ತಳ್ಳಬಾರದು. ‘ಟೆಲ್ ಮಿ ವಾಟ್ ಈಸ್ ರಾಂಗ್’ ಸರಿಯಾಗಿಯೇ ಇದೆ. ಅಲ್ಲಿ ‘ವಾಟ್’ ಎಂಬುದೇ ಕರ್ತೃ, ಕ್ರಿಯಾಪದ ಯಾರನ್ನೂ ದಾಟಿ ಬಂದಿಲ್ಲ. ಅತಿ ಉತ್ಸಾಹದ ವಿದ್ಯಾರ್ಥಿಗಳು ಇಂಥದ್ದನ್ನೂ ತಿದ್ದಿ ಕೆಡಿಸುವುದುಂಟು.

ಇನ್ನು ಐರ್ಲೆಂಡಿನವರ ಮಾತು ಕೇಳಿದರೆ ನಮ್ಮ ಮೇಷ್ಟ್ರು ಏನೆನ್ನುತ್ತಾರೋ! ‘ಐ ಆಸ್ಕ್ಡ್ ಹಿಮ್ ವಾಸ್ ಹಿ ರೆಡಿ’ ಎನ್ನುವುದು ಅಲ್ಲಿ ಮನೆಮಾತಿನಷ್ಟು ಸಹಜ. ಅವರ ಹಳೆಯ ಐರಿಷ್ ಭಾಷೆಯಲ್ಲೂ ಪ್ರಶ್ನೆ ಒಳಗೆ ಸೇರಿದಾಗ ಪದಗಳ ಸಾಲು ಬದಲಾಗುವುದಿಲ್ಲ.