ಸೇಲಂ–ಧರ್ಮಪುರಿ ತಾರಸಿಗಳಲ್ಲಿ ಮಳೆನೀರಿನ ದಾರಿ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಹಳೆಯ ಮನೆಗಳಲ್ಲಿ ಕಾಣುವ ಮದ್ರಾಸ್ ತಾರಸಿಯನ್ನು ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಕಟ್ಟಿ, ಅದರ ಮೇಲೆ ಸುಣ್ಣ ಬೆರೆಸಿದ ಇಟ್ಟಿಗೆ ಜಲ್ಲಿಯನ್ನು ಬಡಿದು, ಕೊನೆಗೆ ಚಪ್ಪಟೆ ಹೆಂಚು ಹಾಸಿ ಮುಗಿಸುತ್ತಿದ್ದರು. ಅದರ ನೀರು ಪ್ಯಾರಾಪೆಟ್ ಗೋಡೆಯ ಬುಡದ ಕಿಂಡಿಯಿಂದ ಹೊರಟು, ಗೋಡೆಯಾಚೆಗೆ ಚಾಚಿದ ನಳಿಕೆಯ ಮೂಲಕ ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಗೋಡೆಯ ಬುಡ ನೆನೆಯುವುದು ಈ ಕ್ರಮದ ದೋಷವಾಗಿದ್ದರೂ, ನಳಿಕೆ ಕಟ್ಟಿಕೊಂಡರೆ ಬೀದಿಯಿಂದಲೇ ಗೊತ್ತಾಗುತ್ತಿತ್ತು ಮತ್ತು ಒಂದು ಕೋಲಿನಿಂದ ಅದನ್ನು ಬಿಡಿಸಬಹುದಿತ್ತು.

ಕಾಂಕ್ರೀಟ್ ತಾರಸಿಗಳ ಕಾಲದಲ್ಲಿ ಗೋಡೆಗೆ ಅಂಟಿ ಇಳಿಯುವ ಕೊಳವೆಗಳು ಬಂದವು. 2003ರಲ್ಲಿ ತಮಿಳುನಾಡು ಸರ್ಕಾರ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದ ಮೇಲೆ ಹೊರಗೆ ಸುರಿಯುತ್ತಿದ್ದ ನೀರನ್ನೂ ಕೊಳವೆಗೆ ತಿರುಗಿಸಿ ಇಂಗುಗುಂಡಿಗೋ ತೊಟ್ಟಿಗೋ ಒಯ್ಯಬೇಕಾಯಿತು. ನೀರು ಉಳಿಯಿತಾದರೂ, ಅಡಚಣೆ ಮಾತ್ರ ಕಣ್ಣಿಗೆ ಕಾಣದ ತಿರುವುಗಳೊಳಗೆ ಸೇರಿಕೊಂಡಿತು.

ಆದ್ದರಿಂದ ಕಿಂಡಿಗಳ ಸಂಖ್ಯೆ ಮತ್ತು ಸ್ಥಾನವನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕಾಗುತ್ತದೆ. ಗಂಟೆಗೆ 100 ಮಿ.ಮೀ. ವೇಗದ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಕೊಳವೆ ಸುಮಾರು 42 ಚದರ ಮೀಟರ್ ತಾರಸಿಯ ನೀರನ್ನು ಇಳಿಸಬಲ್ಲದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕ ಹೇಳುತ್ತದೆ. 12 ಮೀಟರ್ ಉದ್ದ, 9 ಮೀಟರ್ ಅಗಲದ ತಾರಸಿಯ 108 ಚದರ ಮೀಟರಿಗೆ ಈ ಪ್ರಕಾರ ಮೂರು ಕೊಳವೆ ಸಾಕು. ಆದರೂ ನಾಲ್ಕು ಇಡುವುದೇ ವಿವೇಕ, ಏಕೆಂದರೆ ಒಂದು ಮುಚ್ಚಿಹೋದರೂ ನೀರಿಗೆ ಬೇರೆ ದಾರಿಗಳು ಉಳಿದಿರುತ್ತವೆ. ವಾಟವನ್ನು, ಅಂದರೆ ನೀರು ಹರಿಯುವ ಇಳಿಜಾರನ್ನು, 60ಕ್ಕೆ 1ರಂತೆ ಕೊಡುವಾಗ 12 ಮೀಟರಿನ ಉದ್ದಕ್ಕೂ ಒಂದೇ ಕಡೆಗೆ ಕೊಟ್ಟರೆ ಎತ್ತರದ ತುದಿಯಲ್ಲಿ 20 ಸೆಂ.ಮೀ. ದಪ್ಪದ ಜಲ್ಲಿಯ ಭಾರ ಹೆಚ್ಚುವರಿಯಾಗಿ ಸೇರುತ್ತದೆ. ಉದ್ದಕ್ಕೆ ನಡುವಿನಲ್ಲಿ ದಿಣ್ಣೆ ಮಾಡಿ ಎರಡೂ ಉದ್ದಗೋಡೆಗಳಲ್ಲಿ ಎರಡೆರಡು ಕಿಂಡಿ ಇಟ್ಟರೆ ಏಳೂವರೆ ಸೆಂ.ಮೀ. ಸಾಕು.

ಹೆಚ್ಚಿನ ಕೆಡುಕು ಕಿಂಡಿಯ ಬಾಯಿಯಲ್ಲೇ ಆಗುತ್ತದೆ. ಹೆಂಚು ಹಾಸಿದ ಮೇಲೆ ಗೋಡೆ ಕೊರೆದು ಕೊಳವೆ ತೂರಿಸಿದರೆ ಅದರ ಅಂಚು ನೆಲಕ್ಕಿಂತ ಮೇಲಾಗಿ ಅಲ್ಲಿ ನೀರು ನಿಲ್ಲುತ್ತದೆ. ಒಣಗಿದ ಮೇಲೆ ಉಳಿಯುವ ಮಣ್ಣಿನ ವರ್ತುಲವೂ ಅದರ ಕೆಳಗಿನ ಛಾವಣಿಯ ತೇವದ ಕಲೆಯೂ ಈ ದೋಷವನ್ನು ತೋರಿಸುತ್ತವೆ. ಚಪ್ಪಟೆ ಜಾಲರಿಯನ್ನು ನಾಲ್ಕಾರು ಮಾವಿನೆಲೆಗಳೇ ಮುಚ್ಚಬಲ್ಲವು, ಆದರೆ ಮೇಲೆದ್ದ ಗುಮ್ಮಟದಾಕಾರದ ಜಾಲರಿಯ ಬುಡ ಮುಚ್ಚಿದರೂ ಪಕ್ಕಗಳಿಂದ ನೀರು ಇಳಿಯುತ್ತದೆ. ಕೊಳವೆ ತಿರುಗುವಲ್ಲಿ ಒಂದು ಕಟುತಿರುವಿನ ಬದಲು 45 ಡಿಗ್ರಿಯ ಎರಡು ತಿರುವುಗಳನ್ನು ಕೊಟ್ಟು, ಬುಡದಲ್ಲಿ ತೆಗೆಯಬಹುದಾದ ಮುಚ್ಚಳವಿಟ್ಟು, ಕೆಳಗೆ ಹೋಗುತ್ತಾ ವ್ಯಾಸವನ್ನು ಎಲ್ಲಿಯೂ ಕಿರಿದಾಗಿಸದೆ ಇರಬೇಕು.

ಇಷ್ಟಾದರೂ ಎಲ್ಲ ಕಿಂಡಿಗಳೂ ಒಮ್ಮೆಗೇ ಕಟ್ಟಿಕೊಳ್ಳಬಹುದು. 10 ಸೆಂ.ಮೀ. ನೀರು ನಿಂತರೆ ಪ್ರತಿ ಚದರ ಮೀಟರಿನ ಮೇಲೆ 100 ಕಿಲೋ ತೂಕ ಬೀಳುತ್ತದೆ, ಜನ ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಹಿಡಿಯುವ ಹೊರೆಯಾದರೋ ಸುಮಾರು 150 ಕಿಲೋ. ಹಾಗಾಗಿ ಪ್ಯಾರಾಪೆಟ್ಟಿನಲ್ಲಿ ಕೆಳಗಿನ ಕಿಂಡಿಗಿಂತ 5ರಿಂದ 10 ಸೆಂ.ಮೀ. ಮೇಲೆ, ಯಾವ ಕೊಳವೆಗೂ ಜೋಡಿಸದ ಇನ್ನೊಂದು ಕಿಂಡಿಯನ್ನು ಬೀದಿಯ ಕಡೆಗೆ ತೆರೆದಿಡಬೇಕು. ಅದರಿಂದ ನೀರು ಸುರಿಯತೊಡಗಿದರೆ ಕೆಳಗಿನ ಕೊಳವೆಗಳು ಕಟ್ಟಿಕೊಂಡಿವೆಯೆಂದು ಮನೆಯವರಿಗೆ ತಿಳಿಯುತ್ತದೆ.